‘ಈಗಲೇ ಖರೀದಿಸಿ’ ಅಂತ ಬರೆದ್ರೂ ಯಾಕೆ ಬರೀ ‘ರೇಟ್?’ ಅಂತ ಕೇಳಿ ಹೋಗ್ತಾರೆ

ಪ್ರಶ್ನೆ: “ಸರ್, ನಾವು ತೀರ್ಥಹಳ್ಳಿ ಕಡೆಯವ್ರು. ಮನೇಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡ್ತೀವಿ, ಶಿವಮೊಗ್ಗ ದುರ್ಗಿಗುಡೀಲಿ ಚಿಕ್ಕ ಅಂಗಡಿ ಇದೆ. ಅರ್ಧ ಕೆಜಿ ಬಾಟಲಿ 350 ರೂಪಾಯಿ. ವಾಟ್ಸಾಪಲ್ಲೂ ಆರ್ಡರ್ ತಗೊಂಡು ಕೊರಿಯರ್ ಮಾಡ್ತೀವಿ, ಈಗ ಮಗ ಒಂದು ಆಪ್ ಬೇರೆ ಮಾಡ್ಸಿದಾನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿಗೆಲ್ಲ ಒಂದೇ ಮಾತು ಹಾಕಿದೀವಿ, ‘ಈಗಲೇ ಖರೀದಿಸಿ’ ಅಂತ. ಕ್ಲಿಕ್ ಬರ್ತಾವೆ, ಮೆಸೇಜ್ ಕಮ್ಮಿ, ಬಂದವ್ರೂ ‘ರೇಟ್?’ ಅಂತ ಕೇಳಿ ಮಾಯ ಆಗ್ತಾರೆ. ಬಟನ್ ಕೆಂಪು ಮಾಡಿ, ‘ಕೆಲವೇ ಬಾಟಲಿ ಉಳಿದಿವೆ’ ಅಂತ ಹಾಕಿ ಅಂತ ಒಬ್ರು ಹೇಳಿದ್ರು. ಈ ಸಲ ಮಿಡಿ ಬರೋಕೆ ಮೊದ್ಲೇ ಮುಂಗಡ ಬುಕಿಂಗ್ ತಗೊಂಡು ಮೇ ಕೊನೇಲಿ ಕೊಡೋಣ ಅಂತಿದೀವಿ. ಯಾವುದಕ್ಕೆ ಯಾವ ಮಾತು ಬರೀಬೇಕು?”

ಅಕ್ಕಾ, ಮೊದ್ಲು ಒಂದು ಕೆಲಸ ಮಾಡಿ. ನಿಮ್ಮ ಈ ವ್ಯವಹಾರ ಗೊತ್ತಿಲ್ಲದ ನೆಂಟರು ಯಾರಾದ್ರೂ ಮನೆಗೆ ಬಂದಾಗ ಅವರ ಫೋನಲ್ಲೇ ನಿಮ್ಮ ಜಾಹೀರಾತು ತೆಗೆದು ಒತ್ತೋಕೆ ಹೇಳಿ, ಪಕ್ಕ ಕೂತು ಸುಮ್ನೆ ನೋಡಿ. ಬಟನ್ ಮೇಲೆ ‘ಖರೀದಿಸಿ’ ಅಂತ ಇದೆ, ಅಂದ್ರೆ ಒತ್ತಿದ್ರೆ ಬಾಟಲಿ ಫೋಟೋ, ರೇಟು, ವಿಳಾಸ ತುಂಬೋ ಜಾಗ, ದುಡ್ಡು ಕಟ್ಟೋ ಜಾಗ ಬರತ್ತೆ ಅಂತ ಅವರು ಅಂದ್ಕೊಂಡಿರ್ತಾರೆ. ಆದ್ರೆ ತೆರ್ಕೊಳ್ಳೋದು ವಾಟ್ಸಾಪು, ಅದ್ರಲ್ಲಿ ಖಾಲಿ ಚಾಟು, ಕೆಳಗೆ ಟೈಪ್ ಮಾಡೋ ಜಾಗ. ಏನು ಬರೀಬೇಕು ಅಂತ ಗೊತ್ತಾಗಲ್ಲ. ಅರ್ಧ ಜನ ಅಲ್ಲೇ ಹಿಂದೆ ಬರ್ತಾರೆ, ಅದು ನಿಮ್ಮ ಲೆಕ್ಕದಲ್ಲಿ ಕ್ಲಿಕ್ ಅಂತ ಬಿದ್ದಿರತ್ತೆ, ಮೆಸೇಜ್ ಮಾತ್ರ ಇರಲ್ಲ. ಉಳಿದವ್ರು ಬಾಯಿಗೆ ಬಂದ ಒಂದೇ ಪದ ಟೈಪ್ ಮಾಡ್ತಾರೆ, ರೇಟ್. ಅವರಿಗೆ ಕೊಳ್ಳೋ ಮನಸ್ಸಿಲ್ಲ ಅಂತ ಅಲ್ಲ, ಆ ಖಾಲಿ ಜಾಗದಲ್ಲಿ ಬೇರೆ ಏನು ಕೇಳೋದು ಅಂತ ನೀವು ಹೇಳ್ಕೊಟ್ಟಿಲ್ಲ.

ನಮ್ಮ ಕೆಲಸದಲ್ಲಿ ಈ ಬಟನ್ ಮಾತಿಗೆ ಸಿಟಿಎ ಅಂತಾರೆ, ಕಾಲ್ ಟು ಆಕ್ಷನ್. ಅದನ್ನ ಜನರನ್ನ ಎಳೆಯೋ ಮಂತ್ರ ಅಂತ ತಿಳ್ಕೊಂಡಿರ್ತಾರೆ ತುಂಬಾ ಜನ, ಜೋರಾಗಿ ಬರೆದಷ್ಟೂ ಜಾಸ್ತಿ ಒತ್ತುತ್ತಾರೆ ಅಂತ. ನಾನು ಇಷ್ಟು ವರ್ಷ ಅಂಗಡಿಗಳಿಗೆ, ಹೋಮ್‌ಸ್ಟೇಗಳಿಗೆ ಬರೆದು ನೋಡಿದ್ದು ಬೇರೆ. ಅದು ಬಾಗಿಲ ಮೇಲಿನ ಬೋರ್ಡು ಇದ್ದ ಹಾಗೆ, ಬಾಗಿಲು ತೆಗೆದ್ರೆ ಒಳಗೆ ಏನಿದೆಯೋ ಅದನ್ನೇ ಹೇಳ್ಬೇಕು. ಒತ್ತಿದ ತಕ್ಷಣ ಚಾಟ್ ತೆರ್ಕೊಳ್ಳತ್ತೆ ಅಂದ್ರೆ ‘ವಾಟ್ಸಾಪಲ್ಲಿ ಕೇಳಿ’. ಮ್ಯಾಪ್ ತೆರ್ಕೊಳ್ಳತ್ತೆ ಅಂದ್ರೆ ‘ಅಂಗಡಿ ದಾರಿ ನೋಡಿ’. ಪ್ಲೇ ಸ್ಟೋರ್ ಬರತ್ತೆ ಅಂದ್ರೆ ‘ಆಪ್ ಹಾಕ್ಕೊಳ್ಳಿ’. ಮಾತಿಗೂ ಒಳಗಿರೋದಕ್ಕೂ ಹೊಂದಿಕೆ ಆದ್ರೆ ಕ್ಲಿಕ್ ಕಮ್ಮಿ ಆಗ್ಬಹುದು, ಆದ್ರೆ ಒತ್ತಿದವರು ವಾಪಸ್ ಓಡಲ್ಲ.

ಕೆಂಪು ಬಟನ್ ವಿಷ್ಯ ಬೇಗ ಮುಗಿಸ್ತೀನಿ. ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಜಾಹೀರಾತಿನ ಕೆಳಗಿರೋ ಬಟನ್ನಿನ ಬಣ್ಣ ನಿಮ್ಮ ಕೈಯಲ್ಲಿಲ್ಲ, ಪದಾನೂ ಇಲ್ಲ. ಅವರೇ ಕೊಟ್ಟ ಪಟ್ಟೀಲಿ ಒಂದು ಆರಿಸ್ಬೇಕು, ಶಾಪ್ ನೌ, ಲರ್ನ್ ಮೋರ್, ಗೆಟ್ ಡೈರೆಕ್ಷನ್ಸ್, ವಾಟ್ಸಾಪ್ ಮೆಸೇಜ್ ಕಳಿಸೋದು ಹೀಗೆ, ಅದೂ ನೋಡೋರ ಫೋನ್ ಭಾಷೇಲಿ ಕಾಣತ್ತೆ. ನೀವು ಬರೆಯೋಕೆ ಆಗೋದು ಚಿತ್ರದ ಮೇಲೆ, ಬಟನ್ ಪಕ್ಕದ ಹೆಡ್‌ಲೈನಲ್ಲಿ, ಮತ್ತೆ ಮೇಲಿನ ಬರಹದ ಮೊದಲ ಎರಡು ಸಾಲಲ್ಲಿ, ಅದ್ರ ಕೆಳಗಿಂದು ‘ಸೀ ಮೋರ್’ ಒತ್ತಿದ್ರೇ ಕಾಣೋದು. ಹಾಗಾಗಿ ನಿಮ್ಮ ನಿಜವಾದ ಸಿಟಿಎ ಹೆಡ್‌ಲೈನು, ಬಟನ್ನು ಅದಕ್ಕೆ ಹೊಂದೋ ಹಾಗೆ ಆರಿಸೋದು ಅಷ್ಟೇ.

ಇನ್ನೊಂದು ನೋಡ್ಲೇಬೇಕಾದ್ದು, ಜಾಹೀರಾತು ಹಾಕೋವಾಗ ಗುರಿ ಏನು ಅಂತ ಕೇಳತ್ತಲ್ಲ, ಅಲ್ಲಿ ಏನು ಆರಿಸಿದೀರ. ಟ್ರಾಫಿಕ್ ಅಂತ ಆರಿಸಿದ್ರೆ ಅದು ಲಿಂಕ್ ಒತ್ತೋ ಸ್ವಭಾವದ ಜನರನ್ನ ಹುಡುಕಿ ತೋರ್ಸತ್ತೆ, ಒತ್ತೋರು ಒತ್ತಿ ಹೋಗ್ತಾರೆ. ಮೆಸೇಜ್ ಬರ್ಬೇಕು ಅಂದ್ರೆ ಗುರಿ ಎಂಗೇಜ್‌ಮೆಂಟ್ ಅಂತ ಇಟ್ಟು, ಅದರೊಳಗೆ ಮೆಸೇಜ್ ಅಂತಲೇ ಆರಿಸ್ಬೇಕು. ನಿಮ್ಮ ‘ಕ್ಲಿಕ್ ಜಾಸ್ತಿ, ಮೆಸೇಜ್ ಕಮ್ಮಿ’ಗೆ ಇದೂ ಒಂದು ಕಾರಣ ಇರ್ಬಹುದು, ಮಗನಿಗೆ ಹೇಳಿ ಒಂದ್ಸಲ ತೆಗೆದು ನೋಡಿ. ಇದು ತಪ್ಪಿದ್ರೆ ಎಷ್ಟು ಚಂದ ಬರೆದ್ರೂ ಪ್ರಯೋಜನ ಇಲ್ಲ.

ಈಗ ವಾಟ್ಸಾಪ್. ನಿಮ್ಮ ವ್ಯಾಪಾರದ ಜೀವ ಇರೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

‘ಖರೀದಿಸಿ’ ಅನ್ನೋ ಪದ ನಾವ್ಯಾರೂ ಬಾಯಲ್ಲಿ ಆಡಲ್ಲ. ದುರ್ಗಿಗುಡಿ ಅಂಗಡಿಗೆ ಬಂದವರಿಗೆ ನೀವು ‘ಖರೀದಿಸಿ’ ಅಂತೀರಾ, ಇಲ್ಲ, ‘ತಗೊಳ್ಳಿ’ ಅಂತೀರ. ‘ಸಂಪರ್ಕಿಸಿ’ ಇನ್ನೂ ಕಷ್ಟ, ಫೋನ್ ಮಾಡ್ಬೇಕೋ ಮೆಸೇಜ್ ಹಾಕ್ಬೇಕೋ ಅಂಗಡಿಗೆ ಬರ್ಬೇಕೋ ಏನೂ ತಿಳಿಯಲ್ಲ. ‘ವಿಚಾರಿಸಿ’ ಅಂದ್ರೆ ಆಫೀಸಿನ ಕಿಟಕಿ ನೆನಪಾಗತ್ತೆ. ‘ಕೇಳಿ’ ಅನ್ನೋದು ಹಗುರ, ಕೇಳೋದ್ರಿಂದ ಏನೂ ಕಳ್ಕೊಳ್ಳಲ್ಲ ಅನ್ನೋ ಭಾವ ಬರತ್ತೆ. ಆದ್ರೆ ಏನು ಕೇಳೋದು ಅಂತಲೂ ಹೇಳ್ಬೇಕು, ಅಲ್ಲೇ ಎಲ್ರೂ ಎಡವೋದು. ‘ರೇಟ್ ಕೇಳಿ’ ಅಂತ ಬರೆದ್ರೆ ರೇಟ್ ಕೇಳೋರೇ ಬರ್ತಾರೆ. ನಿಮ್ಮ ರೇಟು ಬಾಟಲಿಗೆ 350, ಅದು ಗುಟ್ಟೇನಲ್ಲ, ಎಲ್ರಿಗೂ ಒಂದೇ. ಅದನ್ನ ಬಚ್ಚಿಟ್ಟು ಮೆಸೇಜ್ ಬರ್ಸಿದ್ರೆ, 200 ಇರ್ಬಹುದು ಅಂದ್ಕೊಂಡಿದ್ದ ಅಷ್ಟೂ ಜನ ಚಾಟಿಗೆ ಬಂದು, 350 ಅಂತ ಓದಿ ಎದ್ದು ಹೋಗ್ತಾರೆ. ನೀವು ಅಡುಗೆ ಮನೇಲಿ ಕೈ ಒರೆಸ್ಕೊಂಡು ಬಂದು ಒಬ್ಬೊಬ್ರಿಗೂ ಉತ್ತರ ಕೊಟ್ಟಿದ್ದು ವ್ಯರ್ಥ. ಅದಕ್ಕೆ ರೇಟನ್ನ ಚಿತ್ರದ ಮೇಲೇ ದೊಡ್ಡದಾಗಿ ಹಾಕಿ. ಮೆಸೇಜ್ ಕಮ್ಮಿ ಆಗ್ತಾವೆ, ಅದು ನಿಜ, ಮೊದಲ ವಾರ ಗಾಬರಿ ಆಗತ್ತೆ. ಆದ್ರೆ ಬರೋರು ರೇಟ್ ಒಪ್ಪಿ ಬಂದವ್ರು.

ಹಾಗಾದ್ರೆ ಏನು ಕೇಳೋಕೆ ಹೇಳೋದು? ಒಬ್ಬ ಮನುಷ್ಯ ಉತ್ತರ ಕೊಟ್ರೇ ಗೊತ್ತಾಗೋ ಅಂಥದ್ದು ಏನಾದ್ರೂ ಇರ್ಬೇಕು. ನಿಮಗೆ ಅಂಥದ್ದು ಒಂದಿದೆ, ಕೊರಿಯರ್ ಖರ್ಚು. ಬೆಂಗಳೂರಿಗೆ ಒಂದು, ಮುಂಬೈಗೆ ಒಂದು, ಪಕ್ಕದ ಸಾಗರಕ್ಕೆ ಇನ್ನೊಂದು. ಅದಕ್ಕೆ ನಾನಾಗಿದ್ರೆ ಹೆಡ್‌ಲೈನ್ ಹೀಗೆ ಬರೀತಿದ್ದೆ: ‘ನಿಮ್ಮೂರಿಗೆ ಕೊರಿಯರ್ ಎಷ್ಟು? ವಾಟ್ಸಾಪಲ್ಲಿ ಕೇಳಿ’. ಇದನ್ನ ಕೇಳೋರು ಆಗ್ಲೇ ತರಿಸ್ಕೊಳ್ಳೋ ಯೋಚನೇಲಿ ಇರೋರು, ಸುಮ್ನೆ ಕುತೂಹಲಕ್ಕೆ ಯಾರೂ ಕೊರಿಯರ್ ಖರ್ಚು ಕೇಳಲ್ಲ.

ಇನ್ನು ಆ ಖಾಲಿ ಚಾಟ್ ಜಾಗ. ಅದನ್ನ ಖಾಲಿ ಬಿಡ್ಬೇಡಿ. ಜಾಹೀರಾತು ಮಾಡೋವಾಗಲೇ ಗ್ರಾಹಕರು ಕಳಿಸೋ ಮೆಸೇಜನ್ನ ಮೊದ್ಲೇ ಬರೆದಿಡೋಕೆ ಜಾಗ ಇರತ್ತೆ. ಜಾಹೀರಾತಿಂದ ಹೊರಗೆ, ಅಂದ್ರೆ ಇನ್‌ಸ್ಟಾಗ್ರಾಮ್ ಬಯೋದಲ್ಲೋ ಅಂಗಡಿಯ ಕ್ಯೂಆರ್ ಕೋಡಲ್ಲೋ ಹಾಕೋಕೆ ಲಿಂಕ್ ಹೀಗಿರತ್ತೆ:

```
https://wa.me/91XXXXXXXXXX?text=ಅರ್ಧ%20ಕೆಜಿ%202%20ಬಾಟಲಿ%20ಬೇಕು.%20ಪಿನ್‌ಕೋಡ್:
```

ಆ ಎಕ್ಸ್ ಇರೋ ಕಡೆ ನಿಮ್ಮ ಹತ್ತು ಅಂಕಿ ನಂಬರು, ಮುಂದೆ 91 ಇರ್ಲೇಬೇಕು, ಪ್ಲಸ್ ಗುರ್ತು, ಸೊನ್ನೆ, ಅಡ್ಡಗೆರೆ ಏನೂ ಬೇಡ. ಪದಗಳ ಮಧ್ಯೆ ಜಾಗ ಬಿಡೋ ಬದ್ಲು `%20`. ಒತ್ತಿದವರಿಗೆ ಚಾಟಲ್ಲಿ ‘ಅರ್ಧ ಕೆಜಿ 2 ಬಾಟಲಿ ಬೇಕು. ಪಿನ್‌ಕೋಡ್:’ ಅಂತ ತುಂಬಿರತ್ತೆ, ಆರು ಅಂಕಿ ಒತ್ತಿ ಕಳಿಸಿದ್ರೆ ಆಯ್ತು. ಇಲ್ಲಿ ಒಂದು ಸೂಕ್ಷ್ಮ ಇದೆ, ಹೆಡ್‌ಲೈನಿನ ಮಾತು ನಿಮ್ಮದು, ಅದಕ್ಕೆ ‘ಕೇಳಿ’ ಅಂತ ಇರತ್ತೆ, ಚಾಟ್ ಒಳಗಿಂದು ಗ್ರಾಹಕರ ಬಾಯಿ ಮಾತು, ಅದಕ್ಕೆ ‘ಬೇಕು’ ಅಂತ ಇರ್ಬೇಕು. ಇದನ್ನ ಅದಲು ಬದಲು ಮಾಡಿ ಚಾಟ್ ಒಳಗೂ ‘ನಮ್ಮಲ್ಲಿ ಶುದ್ಧ ಅಪ್ಪೆಮಿಡಿ ದೊರೆಯುತ್ತದೆ’ ಅಂತ ತುಂಬಿಟ್ಟಿದ್ದನ್ನ ನಾನು ನೋಡಿದೀನಿ, ಗ್ರಾಹಕ ಅದನ್ನ ತನ್ನ ಹೆಸರಲ್ಲಿ ಹೇಗೆ ಕಳಿಸ್ತಾನೆ ಹೇಳಿ.

‘2 ಬಾಟಲಿ’ ಅಂತ ನಾನು ಸುಮ್ನೆ ಬರೆದಿದ್ದಲ್ಲ. ಲೆಕ್ಕಕ್ಕೆ ಅಂತ ಹೀಗೆ ಇಟ್ಕೊಳ್ಳಿ, ಮಿಡಿ, ಮಸಾಲೆ, ಬಾಟಲಿ, ಕೂಲಿ ಎಲ್ಲಾ ಕಳೆದು 350ರಲ್ಲಿ ನಿಮ್ಮ ಕೈಲಿ 120 ಉಳಿಯತ್ತೆ, ಕೊರಿಯರ್ ಗ್ರಾಹಕರದ್ದು. ‘ರೇಟ್ ಕೇಳಿ’ ಜಾಹೀರಾತಿಗೆ 1000 ರೂಪಾಯಿ ಹಾಕಿದ್ರಿ, 40 ಮೆಸೇಜ್ ಬಂತು, 3 ಆರ್ಡರ್ ಆಯ್ತು. ಆರ್ಡರಿಗೆ 333 ಬಿತ್ತು. ‘ಕೊರಿಯರ್ ಎಷ್ಟು ಕೇಳಿ’ಗೂ 1000 ಹಾಕಿದ್ರಿ, 14 ಮೆಸೇಜ್, ಆದ್ರೆ 6 ಆರ್ಡರ್. ಆರ್ಡರಿಗೆ 167 ಬಿತ್ತು. ಮೆಸೇಜ್ ಎಣಿಸಿದ್ರೆ ಮೊದಲನೇದು ಗೆದ್ದ ಹಾಗೆ ಕಾಣತ್ತೆ, ದುಡ್ಡು ಎಣಿಸಿದ್ರೆ ಎರಡನೇದು. ಅದ್ರಲ್ಲೂ ಒಂದೇ ಬಾಟಲಿ ಹೋದ್ರೆ 120 ಉಳಿದು 167 ಖರ್ಚು, ಕೈಯಿಂದ ಹೋಯ್ತು. ಎರಡು ಬಾಟಲಿ ಹೋದ್ರೆ 240ರಲ್ಲಿ 73 ಉಳಿಯತ್ತೆ. ಚಾಟಲ್ಲಿ ಮೊದ್ಲೇ ತುಂಬಿಟ್ಟ ಆ ಒಂದು ಅಂಕಿ ಇದನ್ನ ತೀರ್ಮಾನ ಮಾಡತ್ತೆ, ಯಾಕಂದ್ರೆ ತುಂಬಾ ಜನ ಅದನ್ನ ಬದಲಾಯಿಸೋಕೆ ಹೋಗಲ್ಲ. ಹಾಗಂತ ಅಲ್ಲಿ 6 ಬಾಟಲಿ ಅಂತ ಹಾಕ್ಬೇಡಿ, ನೋಡಿದ ಕೂಡ್ಲೇ ಹೆದರಿ ಹಿಂದೆ ಹೋಗ್ತಾರೆ.

‘ರೇಟ್ ಕೇಳಿ’ ಅನ್ನೋದು ಸರಿ ಹೋಗೋ ಜಾಗಾನೂ ಇದೆ. ಮದುವೆ, ಉಪನಯನದ ಅಡುಗೆಯವರು ಡಬ್ಬಿ ಲೆಕ್ಕದಲ್ಲಿ ತಗೋತಾರಲ್ಲ, ಅವರಿಗೆ ರೇಟು ಪ್ರಮಾಣದ ಮೇಲೆ ಬದಲಾಗತ್ತೆ, ಮಾತಾಡ್ಲೇಬೇಕು. ಅವರಿಗೆ ಬೇರೆ ಜಾಹೀರಾತು, ಬೇರೆ ಮಾತು: ‘ಎಷ್ಟು ಎಲೆ ಊಟ ಅಂತ ಹೇಳಿ, ರೇಟ್ ಹೇಳ್ತೀವಿ’. ಎರಡನ್ನೂ ಒಂದೇ ಜಾಹೀರಾತಲ್ಲಿ ಸೇರಿಸ್ಬೇಡಿ.

ಮತ್ತೆ ವಾಟ್ಸಾಪ್ ಬಿಸಿನೆಸ್ ಆಪಲ್ಲಿ ಗ್ರೀಟಿಂಗ್ ಮೆಸೇಜ್ ಅಂತ ಇದೆ, ಮೊದಲ ಸಲ ಬರೆಯೋರಿಗೆ, ಅಥವಾ 14 ದಿನ ಮಾತಿಲ್ದೆ ಮತ್ತೆ ಬರೆಯೋರಿಗೆ ತಾನಾಗೇ ಹೋಗತ್ತೆ. ಅದ್ರಲ್ಲಿ ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು’ ಅಂತ ಬಿಟ್ಟಿರ್ತಾರೆ. ನೀವು ‘ನಮಸ್ಕಾರ. ಪಿನ್‌ಕೋಡ್ ಕಳಿಸಿದ್ರೆ ಸಂಜೆ 7ರ ಒಳಗೆ ಕೊರಿಯರ್ ಸೇರಿ ಒಟ್ಟು ಎಷ್ಟು ಅಂತ ಹೇಳ್ತೀನಿ’ ಅಂತ ಹಾಕಿ. ಟೈಮ್ ಹೇಳಿದ್ರೆ ಕಾಯ್ತಾರೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗತ್ತಲ್ಲ, ಆಗ ‘ತಕ್ಷಣ ಉತ್ತರ’ ಅಂತ ಎಲ್ಲೂ ಬರೀಬೇಡಿ. ಕೊಡೋಕೆ ಆಗದ ಟೈಮ್ ಬರೆಯೋದಕ್ಕಿಂತ ‘ನಾಳೆ ಬೆಳಿಗ್ಗೆ’ ಅಂತ ಬರೆಯೋದು ಒಳ್ಳೇದು.

ಮುಂಗಡ ಬುಕಿಂಗಿಗೆ ಬರ್ತೀನಿ. ಇಲ್ಲಿ ಪದ ತಪ್ಪಿದ್ರೆ ಆರ್ಡರ್ ಹೋಗೋದಷ್ಟೇ ಅಲ್ಲ, ಹೆಸರೂ ಕೆಡತ್ತೆ.

ನನಗೆ ಇದು ಗೊತ್ತಾಗಿದ್ದು ಕಷ್ಟಪಟ್ಟೇ. ಕೆಲವು ವರ್ಷದ ಹಿಂದೆ ಒಬ್ರು ಜೇನಿನವರಿಗೆ ‘ಈಗಲೇ ಬುಕ್ ಮಾಡಿ’ ಅಂತ ಬರ್ಕೊಟ್ಟಿದ್ದೆ. ಅವರ ಮನಸ್ಸಲ್ಲಿ ಇದ್ದಿದ್ದು, ಹೆಸರು ಕೊಟ್ಟಿರ್ಲಿ, ಜೇನು ಬಂದಾಗ ಫೋನ್ ಮಾಡ್ತೀವಿ, ಬೇಕಾದ್ರೆ ತಗೊಳ್ಲಿ ಅಂತ. ಬುಕ್ ಮಾಡಿದ ಗ್ರಾಹಕರ ಮನಸ್ಸಲ್ಲಿ ಇದ್ದಿದ್ದು, ನಂದು ಖಾಯಂ ಆಯ್ತು, ನನ್ನ ಬಾಟಲಿ ಎತ್ತಿಟ್ಟಿರ್ತಾರೆ ಅಂತ. ಆ ವರ್ಷ ಜೇನು ಕಮ್ಮಿ ಬಂತು, ಅಂಗಡಿಗೆ ಮೊದ್ಲು ಬಂದವರಿಗೆ ಕೊಟ್ಟು ಮುಗ್ಸಿದ್ರು. ‘ಬುಕ್ ಮಾಡಿದ್ವಲ್ರೀ’ ಅಂತ ಬಂದವರಿಗೆ ಹೇಳೋಕೆ ಉತ್ತರ ಇರ್ಲಿಲ್ಲ. ಅವರೂ ಸುಳ್ಳು ಹೇಳಿರ್ಲಿಲ್ಲ, ಇವರೂ ತಪ್ಪು ತಿಳಿದಿರ್ಲಿಲ್ಲ, ನಾನು ಬರೆದ ಆ ಒಂದು ಪದಕ್ಕೆ ಎರಡು ಅರ್ಥ ಇತ್ತು. ಇವತ್ತಿಗೂ ಅದು ನನಗೆ ಬೇಜಾರಿನ ವಿಷ್ಯ.

ಅವತ್ತಿಂದ ನಾನು ಇದನ್ನ ಎರಡು ಬೇರೆ ಮಾತಲ್ಲಿ ಬರೀತೀನಿ. ದುಡ್ಡು ತಗೊಳ್ದೆ, ಬರೀ ಆಸಕ್ತಿ ಇರೋರ ಪಟ್ಟಿ ಮಾಡೋದಾದ್ರೆ ‘ಹೆಸರು ಬರೆಸಿ, ಮಿಡಿ ಬಂದಾಗ ಮೊದ್ಲು ನಿಮಗೆ ಹೇಳ್ತೀವಿ’. ನಮ್ಮ ಕಡೆ ‘ಹೆಸರು ಬರೆಸೋದು’ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು, ಸರದಿ ಹಿಡಿಯೋದು, ಆದ್ರೆ ಇನ್ನೂ ಕೈಗೆ ಬಂದಿಲ್ಲ. ದುಡ್ಡು ತಗೊಂಡು ಬಾಟಲಿ ಎತ್ತಿಡೋದಾದ್ರೆ ‘100 ರೂಪಾಯಿ ಮುಂಗಡ ಕೊಟ್ಟು ಬುಕ್ ಮಾಡಿ’. ಮೊತ್ತ ಆ ಮಾತಲ್ಲೇ ಇರ್ಲಿ. ಮೊತ್ತ ಬರೀದೆ ಬರೀ ‘ಮುಂಗಡ ಬುಕ್ ಮಾಡಿ’ ಅಂದ್ರೆ ಒತ್ತಿದ ಮೇಲೆ ದುಡ್ಡು ಕೇಳ್ತಾರೆ ಅಂತ ಗೊತ್ತಾಗಿ ಬೆಚ್ಚಿ ಹೋಗ್ತಾರೆ.

ಎರಡ್ರಲ್ಲೂ ಅಪಾಯ ಇದೆ. ಹೆಸರು ಬರೆಸಿದವ್ರಲ್ಲಿ ಎಷ್ಟೋ ಜನ ಮೇ ತಿಂಗಳಲ್ಲಿ ಫೋನ್ ಮಾಡಿದ್ರೆ ‘ಈಗ ಬೇಡ’ ಅಂತಾರೆ, ಆ ಪಟ್ಟಿ ನಂಬ್ಕೊಂಡು ಮಿಡಿ ಕೊಂಡ್ರೆ ಕೆಡ್ತೀರ. ಮುಂಗಡ ತಗೊಂಡ್ರೆ ಅಂದಾಜು ಗಟ್ಟಿ ಸಿಗತ್ತೆ, ಆದ್ರೆ ಕೊಡೋ ಹೊಣೆ ನಿಮ್ಮ ತಲೆ ಮೇಲೆ. ಅಪ್ಪೆಮಿಡಿ ವಿಷ್ಯದಲ್ಲಿ ಆ ಹೊಣೆ ಸಣ್ಣದಲ್ಲ. ಹೊಳೆ ದಂಡೆಯ, ಕಾಡಿನ ಮರಗಳು, ಒಂದು ವರ್ಷ ಬಿಟ್ಟಿದ್ದು ಮುಂದಿನ ವರ್ಷ ಬಿಡ್ಲೇಬೇಕು ಅಂತಿಲ್ಲ, ಹೂವಿನ ಹೊತ್ತಲ್ಲಿ ಮೋಡ, ಮಂಜು, ಅಕಾಲದ ಮಳೆ ಹಿಡ್ಕೊಂಡ್ರೆ ಉದುರಿ ಹೋಗತ್ತೆ. ಮಿಡಿ ತೊಟ್ಟು ಮುರಿಯದ ಹಾಗೆ, ಪೆಟ್ಟಾಗದ ಹಾಗೆ ಕೈಗೆ ಸಿಗ್ಬೇಕು, ಆಮೇಲೆ ಉಪ್ಪಲ್ಲಿ ಮುರುಟ್ಬೇಕು. ಇದೆಲ್ಲ ನಿಮಗೆ ನಾನು ಹೇಳ್ಬೇಕಾಗಿಲ್ಲ, ಆದ್ರೆ ಬೆಂಗಳೂರಲ್ಲಿ ಕೂತು 100 ರೂಪಾಯಿ ಕಳಿಸೋರಿಗೆ ಗೊತ್ತಿಲ್ಲ. ಅವರಿಗೆ ಹೇಳೋದೂ ಈ ಬರಹದ ಕೆಲಸ.

ಅದಕ್ಕೆ ಬುಕಿಂಗ್ ಜಾಹೀರಾತಲ್ಲಿ ನಾಲ್ಕು ಸಂಗತಿ ‘ಸೀ ಮೋರ್’ ಹಿಂದೆ ಅಡಗ್ದೆ ಚಿತ್ರದ ಮೇಲೇ ಕಾಣ್ಬೇಕು, ಎಷ್ಟು ಮುಂಗಡ, ಉಳಿದಿದ್ದು ಯಾವಾಗ ಎಷ್ಟು, ಕೈಗೆ ಯಾವಾಗ, ಮಿಡಿ ಸಿಗದಿದ್ರೆ ಏನು. ಹೀಗೆ:

‘ಅಪ್ಪೆಮಿಡಿ ಅರ್ಧ ಕೆಜಿ, ರೂ. 350. ಈಗ 100 ಮುಂಗಡ, ಉಳಿದ 250 ಕಳಿಸೋ ಮುಂಚೆ, ಕೊರಿಯರ್ ಬೇರೆ. ಮೇ ಕೊನೇ ವಾರ ಕಳಿಸ್ತೀವಿ. ಮಿಡಿ ಸಿಗದಿದ್ರೆ 100 ಪೂರ್ತಿ ವಾಪಸ್.’ ಕೆಳಗೆ ಹೆಡ್‌ಲೈನು, ‘100 ಕೊಟ್ಟು ಬುಕ್ ಮಾಡಿ’.

ಕೊನೇ ಸಾಲು ಬರೆದ್ರೆ ಜನಕ್ಕೆ ಅನುಮಾನ ಬರತ್ತೆ ಅಂತ ತುಂಬಾ ಅಂಗಡಿಯವ್ರು ಬೇಡ ಅಂತಾರೆ. ನನ್ನ ಅನುಭವದಲ್ಲಿ ಉಲ್ಟಾ, ದುಡ್ಡು ಕಳಿಸೋ ಹೊತ್ತಲ್ಲಿ ಬೆರಳು ನಿಲ್ಲೋದೇ ‘ಕೊಡದಿದ್ರೆ?’ ಅನ್ನೋ ಯೋಚನೇಲಿ, ಅದಕ್ಕೆ ಉತ್ತರ ಕಣ್ಣೆದುರಿಗೆ ಇದ್ರೆ ಮುಂದೆ ಹೋಗ್ತಾರೆ. ತಾರೀಖು ಬರೆಯೋವಾಗ ನಿಮ್ಮ ಅಂದಾಜಿಗೆ ಒಂದು ವಾರ ಸೇರಿಸೇ ಬರೀರಿ. ಮತ್ತೆ ಮುಂಗಡ ಬಂದ ಕೂಡ್ಲೇ ಹೋಗೋ ಉತ್ತರ, ‘200 ಬಂತು. ನಿಮ್ಮ ನಂಬರ್ 27. 2 ಬಾಟಲಿ. ಮೇ ಕೊನೇ ವಾರ’ ಅಂತ, ಅದನ್ನ ಕ್ವಿಕ್ ರಿಪ್ಲೈನಲ್ಲಿ ಇಟ್ಕೊಳ್ಳಿ, ದುಡ್ಡು, ನಂಬರು, ಬಾಟಲಿ ಲೆಕ್ಕ ಮಾತ್ರ ಬದಲಾಯಿಸಿ ಕಳಿಸ್ಬಹುದು. ಅದೇ ನಂಬರ್ ನಿಮ್ಮ ಪುಸ್ತಕದಲ್ಲೂ ಬರ್ಕೊಳ್ಳಿ. ಪುಸ್ತಕದಲ್ಲಿ 200 ಬಾಟಲಿ ಆದ ಕೂಡ್ಲೇ, ಅಥವಾ ನಿಮ್ಮ ಕೈಲಾಗೋ ಲೆಕ್ಕ ಎಷ್ಟೋ ಅಷ್ಟಾದ ಕೂಡ್ಲೇ, ಜಾಹೀರಾತು ನಿಲ್ಸಿ.

‘ಕೆಲವೇ ಬಾಟಲಿ ಉಳಿದಿವೆ’ ಅಂತ ಹಾಕಿ ಅಂದ್ರಲ್ಲ, ಅದಕ್ಕೂ ಉತ್ತರ ಈ ಪುಸ್ತಕದಲ್ಲೇ ಇದೆ. ನಿಜವಾಗ್ಲೂ 200ರಲ್ಲಿ 160 ಬುಕ್ ಆಗಿದ್ರೆ ‘ಈ ಸಲ 200 ಬಾಟಲಿ, 160 ಬುಕ್ ಆಯ್ತು’ ಅಂತ ಬರೀರಿ, ಅದು ಸುದ್ದಿ, ಜನಕ್ಕೆ ಬೇಕಾದ ಸುದ್ದಿ. ಇಲ್ಲದ ಕೊರತೆ ಹುಟ್ಟಿಸಿ ಬರೆಯೋದು ಬೇಡ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟು 13 ಬಗೆಯ ಮೋಸದ ವಿಧಾನಗಳನ್ನ ಪಟ್ಟಿ ಮಾಡಿ ನಿರ್ಬಂಧಿಸಿದೆ, ಸುಳ್ಳು ಅವಸರ ಹುಟ್ಸೋದು ಅದ್ರಲ್ಲಿ ಒಂದು. ಕಾನೂನು ಬಿಡಿ, ತೀರ್ಥಹಳ್ಳಿ, ಹೊಸನಗರ, ಸಾಗರ ಅಂದ್ರೆ ಒಬ್ಬರಿಗೊಬ್ರು ಗೊತ್ತಿರೋ ಊರುಗಳು. ‘ಕೆಲವೇ ಬಾಟಲಿ’ ಅಂತ ಹೋದ ತಿಂಗಳೂ ಇತ್ತು, ಈ ತಿಂಗಳೂ ಇದೆ ಅಂತ ಒಬ್ರು ಗಮನಿಸಿದ್ರೆ ಸಾಕು.

ಅಂಗಡಿಗೆ ಕರೆಯೋ ಮಾತು ಸುಲಭ, ಆದ್ರೆ ಅದನ್ನ ಯಾರಿಗೆ ತೋರಿಸ್ತೀರ ಅನ್ನೋದು ಮುಖ್ಯ. ‘ಅಂಗಡಿಗೆ ಬನ್ನಿ’ ಅನ್ನೋದನ್ನ ಬೆಂಗಳೂರಿನವರಿಗೆ ತೋರಿಸಿ ಏನು ಉಪಯೋಗ, ಜಾಹೀರಾತಿನ ಜಾಗ ಆರಿಸೋ ಕಡೆ ಶಿವಮೊಗ್ಗ ಪೇಟೆ ಸುತ್ತ ಹತ್ತು ಹದಿನೈದು ಕಿಲೋಮೀಟರ್ ಇಟ್ರೆ ಭದ್ರಾವತಿ ದಾರಿಯವರೂ ಸೇರ್ತಾರೆ, ಸಾಕು. ಬಟನ್ ‘ಗೆಟ್ ಡೈರೆಕ್ಷನ್ಸ್’. ಹೆಡ್‌ಲೈನಲ್ಲಿ ಬರೀ ‘ಭೇಟಿ ನೀಡಿ’ ಅಂದ್ರೆ ಯಾರೂ ಏಳಲ್ಲ, ಫೋನಲ್ಲಿ ಸಿಗದಿದ್ದು ಅಂಗಡೀಲಿ ಏನು ಸಿಗತ್ತೆ ಅದನ್ನ ಹೇಳಿ. ಉಪ್ಪಿನಕಾಯಿಗೆ ಅದು ರುಚಿ. ‘ಮಿಡಿ ಕಚ್ಚಿ ನೋಡಿ, ಆಮೇಲೆ ತಗೊಳ್ಳಿ. ದುರ್ಗಿಗುಡಿ, ಸಂಜೆ 8ರ ತನಕ’. ಗೋಪಿ ಸರ್ಕಲ್ ಕಡೆಯಿಂದ ಬಂದ್ರೆ ಯಾವ ಕೈಗೆ, ಯಾವುದರ ಎದುರು, ಗಾಡಿ ಎಲ್ಲಿ ನಿಲ್ಸೋದು ಇಷ್ಟು ಒಂದು ಸಾಲಲ್ಲಿ ಇರ್ಲಿ. ಹಾಕೋ ಮುಂಚೆ ಮ್ಯಾಪಲ್ಲಿ ನಿಮ್ಮ ಅಂಗಡಿ ಗುರ್ತು ಸರಿಯಾದ ಬಾಗಿಲ ಮುಂದೆ ಇದೆಯಾ, ಬಾಗಿಲು ತೆಗೆಯೋ ಟೈಮ್ ಸರಿ ಇದೆಯಾ, ಭಾನುವಾರ ಏನು ಅಂತ ನೋಡ್ಕೊಳ್ಳಿ. ದಾರಿ ಒತ್ತಿದವರೆಲ್ಲ ಬಂದ್ರು ಅಂತ ಎಣಿಸೋಕಾಗಲ್ಲ, ಅದಕ್ಕೆ ‘ಫೋನಲ್ಲಿ ನೋಡಿ ಬಂದೆ ಅಂತ ಹೇಳಿದ್ರೆ ನೆಲ್ಲಿಕಾಯಿ ಉಪ್ಪಿನಕಾಯೀನೂ ರುಚಿ ನೋಡೋಕೆ ಕೊಡ್ತೀವಿ’ ಅನ್ನೋ ಥರ ಒಂದು ಮಾತು ಸೇರಿಸಿ, ಗಲ್ಲಾ ಪೆಟ್ಟಿಗೆ ಹತ್ರ ಗೀಟು ಹಾಕ್ಕೊಳ್ಳಿ. ಹಾಗೆ ಎಣಿಸಿದ್ದು ಅರೆಬರೆ ಇರತ್ತೆ, ಹೇಳದೇ ಬರೋರೂ ಇರ್ತಾರೆ, ಆದ್ರೂ ಕ್ಲಿಕ್ಕಿಗಿಂತ ನಂಬೋಕೆ ಆಗತ್ತೆ.

ಆಪ್ ಬಗ್ಗೆ ನೇರವಾಗಿ ಹೇಳ್ತೀನಿ, ಮಗ ಬೇಜಾರು ಮಾಡ್ಕೊಳ್ಳೋದು ಬೇಡ. ವರ್ಷಕ್ಕೆ ಒಂದೋ ಎರಡೋ ಸಲ ತಗೊಳ್ಳೋ ವಸ್ತುವಿಗೆ ಹೊಸಬರ ಹತ್ರ ಆಪ್ ಹಾಕಿಸೋದು ಕಷ್ಟದ ದಾರಿ. ಒತ್ತಿದ್ರೆ ಪ್ಲೇ ಸ್ಟೋರು, ಅಲ್ಲಿ ಇನ್‌ಸ್ಟಾಲ್ ಒತ್ಬೇಕು, ಡೌನ್‌ಲೋಡ್ ಆಗೋ ತನಕ ಕಾಯ್ಬೇಕು, ಆಮೇಲೆ ಫೋನ್ ನಂಬರ್, ಒಟಿಪಿ, ಆಮೇಲೆ ಬಾಟಲಿ. ನೆಟ್‌ವರ್ಕ್ ಒಂದೋ ಎರಡೋ ಕಡ್ಡಿ ಇರೋ ಮನೇಲಿ ಎರಡನೇ ಮೆಟ್ಟಿಲಲ್ಲೇ ಬಿಟ್ಟು ಹೋಗ್ತಾರೆ. ಆ ಜಾಹೀರಾತಿಗೆ ‘ಆರ್ಡರ್ ಮಾಡಿ’ ಅಂತ ಹಾಕಿದ್ರೆ ನಿಮ್ಮ ‘ಖರೀದಿಸಿ’ ಕಥೇನೇ ಮತ್ತೆ.

ಆಪ್ ಉಪಯೋಗ ಆಗೋದು ಎರಡನೇ, ಮೂರನೇ ಸಲ ತಗೊಳ್ಳೋರಿಗೆ. ಅವರಿಗೆ ನಿಮ್ಮ ರುಚಿ ಗೊತ್ತು, ವಿಳಾಸ ಮತ್ತೆ ಮತ್ತೆ ಟೈಪ್ ಮಾಡೋ ಕಷ್ಟಾನೂ ಗೊತ್ತು. ಹಾಗಾಗಿ ಜಾಹೀರಾತಿಗೆ ದುಡ್ಡು ಸುರಿಯೋ ಬದ್ಲು ಬಾಟಲಿ ಜೊತೆ ಹೋಗೋ ಚೀಟೀಲಿ, ಇಲ್ಲಾ ಎರಡನೇ ಆರ್ಡರ್ ತಲುಪಿದ ಮೇಲೆ ವಾಟ್ಸಾಪಲ್ಲಿ ಹೀಗೆ ಬರೀರಿ, ‘ಮುಂದಿನ ಸಲ ವಿಳಾಸ ಬರೆಯೋ ಕೆಲಸ ಇಲ್ಲ, ಆಪ್ ಹಾಕ್ಕೊಂಡು ಇದೇ ನಂಬರಲ್ಲಿ ಬನ್ನಿ’. ಅಲ್ಲಿ ಆಪ್ ಹಾಕ್ಕೊಳ್ಳೋ ಕಾರಣ ಮೊದ್ಲು ಬಂತು, ಕೆಲಸ ಆಮೇಲೆ. ‘ಇನ್‌ಸ್ಟಾಲ್ ಮಾಡಿ’ ಅಂತಲೂ ಬರೀಬಹುದು, ‘ಸ್ಥಾಪಿಸಿ’ ಅಂತ ಮಾತ್ರ ಬೇಡ, ಅದು ವಿಗ್ರಹಕ್ಕೆ ಹೇಳೋ ಮಾತು ಅನ್ಸತ್ತೆ. ಮಗನಿಗೆ ಎಷ್ಟು ಜನ ಇನ್‌ಸ್ಟಾಲ್ ಮಾಡಿದ್ರು ಅಂತ ಅಲ್ಲ, ಹಾಕ್ಕೊಂಡವ್ರಲ್ಲಿ ಎಷ್ಟು ಜನ ಮೊದಲ ತಿಂಗಳಲ್ಲಿ ಒಂದಾದ್ರೂ ಆರ್ಡರ್ ಮಾಡಿದ್ರು ಅಂತ ನೋಡೋಕೆ ಹೇಳಿ. ಮುಂಗಡ ಬುಕಿಂಗನ್ನ ಈ ವರ್ಷ ಆಪಿಗೆ ಕಟ್ಟಿ ಹಾಕ್ಬೇಡಿ, ವಾಟ್ಸಾಪಲ್ಲೇ ನಡೀಲಿ.

ಎರಡು ಮಾತಲ್ಲಿ ಯಾವುದು ಒಳ್ಳೇದು ಅಂತ ಪರೀಕ್ಷೆ ಮಾಡೋವಾಗ ಚಿತ್ರ, ರೇಟು, ಊರು, ಖರ್ಚು ಎಲ್ಲಾ ಒಂದೇ ಇರ್ಲಿ, ಹೆಡ್‌ಲೈನ್ ಮಾತ್ರ ಬೇರೆ ಮಾಡಿ, ಎರಡನ್ನೂ ಒಂದೇ ವಾರದಲ್ಲಿ ಬಿಡಿ. ಒಂದನ್ನ ಹಬ್ಬದ ವಾರ, ಇನ್ನೊಂದನ್ನ ಆಮೇಲಿನ ವಾರ ಬಿಟ್ರೆ ಹಬ್ಬ ಗೆದ್ದಿದ್ದೋ ಮಾತು ಗೆದ್ದಿದ್ದೋ ತಿಳಿಯಲ್ಲ. ಮತ್ತೆ 3 ಆರ್ಡರ್, 6 ಆರ್ಡರ್ ಅಂತ ನಾನು ಮೇಲೆ ಬರೆದಷ್ಟು ಸಣ್ಣ ಸಂಖ್ಯೆ ಬಂದ್ರೆ ಅದನ್ನ ತೀರ್ಪು ಅಂತ ತಗೋಬೇಡಿ, ಒಂದೇ ಮನೆಯವರು ಇಬ್ರು ಆರ್ಡರ್ ಮಾಡಿದ್ರೂ ಲೆಕ್ಕ ತಿರುಗತ್ತೆ. ಇನ್ನೊಂದು ವಾರ ಬಿಟ್ಟು ಅದೇ ಕಡೆ ವಾಲತ್ತಾ ನೋಡಿ. ಚಾಟ್ ಬಂದಿದ್ದು ಯಾವ ಜಾಹೀರಾತಿಂದ ಅಂತ ಗೊತ್ತಾಗೋಕೆ, ತುಂಬಿಟ್ಟ ಮೆಸೇಜಲ್ಲಿ ಸಣ್ಣ ವ್ಯತ್ಯಾಸ ಇಟ್ಕೊಳ್ಳಿ, ಒಂದರಲ್ಲಿ ‘2 ಬಾಟಲಿ ಬೇಕು’, ಇನ್ನೊಂದರಲ್ಲಿ ‘ಎರಡು ಬಾಟಲಿ ಬೇಕು’. ಗ್ರಾಹಕರಿಗೆ ಏನೂ ಅನ್ಸಲ್ಲ, ನಿಮಗೆ ನೋಡಿದ ಕೂಡ್ಲೇ ಗೊತ್ತಾಗತ್ತೆ.

ಈ ವಾರ ಬೇರೆ ಏನೂ ಬೇಡ, ಈಗ ಓಡ್ತಿರೋ ಜಾಹೀರಾತಿನ ಗುರಿ ನೋಡಿ, ಚಿತ್ರದ ಮೇಲೆ 350 ಹಾಕಿ, ಹೆಡ್‌ಲೈನ್ ಕೊರಿಯರ್ ಪ್ರಶ್ನೆಗೆ ಬದಲಾಯಿಸಿ, ಚಾಟ್ ಒಳಗಿನ ಮೆಸೇಜ್ ತುಂಬಿಡಿ. ಬುಕಿಂಗ್ ಜಾಹೀರಾತನ್ನ ಮರದಲ್ಲಿ ಮಿಡಿ ಕಚ್ಚಿದ್ದು ಕಣ್ಣಾರೆ ನೋಡಿದ ಮೇಲೇ ಬಿಡಿ, ಹೂ ನೋಡಿ ಬಿಡ್ಬೇಡಿ.